ಗುಡಿ ಗೋಡೆಯ ಕತೆ ಓದೋದು ಕಣ್ಣಲ್ಲ, ಕಾಲು

ಸೋಮನಾಥಪುರಕ್ಕೆ ಹೋಗಿ ಬಂದೋರನ್ನ ಒಂದು ಮಾತು ಕೇಳಿ ನೋಡಿ. "ಹೇಗಿತ್ತು?" ಅಂದ್ರೆ "ಅಯ್ಯೋ, ಎಂಥಾ ಕೆತ್ತನೆ ಕಣ್ರೀ, ಎರಡು ಕಣ್ಣು ಸಾಲದು" ಅಂತಾರೆ. "ಸರಿ, ರಾಮಾಯಣ ಎಲ್ಲಿಂದ ಶುರುವಾಗುತ್ತೆ?" ಅಂತ ಕೇಳಿದ್ರೆ ಸುಮ್ಮನಾಗ್ತಾರೆ. ಫೋನಿನಲ್ಲಿ ಇನ್ನೂರು ಫೋಟೋ ಇರುತ್ತೆ, ಆದ್ರೆ ಕತೆ ಒಂದೂ ಇರಲ್ಲ. ಗೋಡೆ ತುಂಬಾ ರಾಮಾಯಣ, ಭಾಗವತ, ಮಹಾಭಾರತ ಇಟ್ಟುಕೊಂಡು ಏಳೂವರೆ ನೂರು ವರ್ಷದಿಂದ ನಿಂತಿರೋ ಗುಡಿ ಅದು. ಅಲ್ಲಿಂದ ಬರೀ "ಚೆನ್ನಾಗಿತ್ತು" ಅಂತ ವಾಪಸ್ ಬರೋದು, ಮದುವೆಮನೆಗೆ ಹೋಗಿ ಚಪ್ಪರ ನೋಡಿಕೊಂಡು ಊಟ ಮಾಡದೆ ಬಂದ ಹಾಗೆ.

ಇದರಲ್ಲಿ ತಪ್ಪು ನೋಡೋರ ಬುದ್ಧೀದಲ್ಲ ಅಂತ ನನ್ನ ಅಭಿಪ್ರಾಯ. ತಪ್ಪು ಇರೋದು ನಡೆಯೋ ದಿಕ್ಕಿನಲ್ಲಿ. ಆ ಗೋಡೆಯನ್ನ ನಿಂತು ನೋಡೋಕೆ ಅಂತ ಕೆತ್ತಿಲ್ಲ, ಸುತ್ತಿ ಬರೋರಿಗೆ ಅಂತ ಕೆತ್ತಿದ್ದಾರೆ. ಪ್ರದಕ್ಷಿಣೆ ಬಿಟ್ಟು ನೋಡಿದ್ರೆ ಆ ಕತೆ ಕತೆಯಾಗಿ ಸಿಗೋದೇ ಇಲ್ಲ. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸೋಮನಾಥಪುರದ ಕೇಶವ ದೇವಸ್ಥಾನ ಕಟ್ಟಿದ್ದು ಹದಿಮೂರನೇ ಶತಮಾನದಲ್ಲಿ. ಕಟ್ಟಿಸಿದೋನು ಹೊಯ್ಸಳರ ಮೂರನೇ ನರಸಿಂಹನ ದಂಡನಾಯಕ ಸೋಮನಾಥ. ಒಂದೇ ಗುಡಿಗೆ ಮೂರು ಗರ್ಭಗುಡಿ: ಕೇಶವ, ಜನಾರ್ದನ, ವೇಣುಗೋಪಾಲ. ಬಾಗಿಲು ಪೂರ್ವಕ್ಕೆ. ನಮ್ಮೂರ ಕೆಲವು ಹಳೇ ಗುಡಿಗಳಲ್ಲಿ ಗರ್ಭಗುಡಿ ಸುತ್ತ ಒಳಗೇ ಕತ್ತಲೆಯಲ್ಲಿ ಒಂದು ಓಣಿ ಇರುತ್ತಲ್ಲ, ಇಲ್ಲಿ ಅದಿಲ್ಲ. ಅದರ ಬದಲು ಇಡೀ ಗುಡಿ ಒಂದು ಎತ್ತರದ ಜಗತಿ ಮೇಲೆ ನಿಂತಿದೆ, ಆ ಜಗತಿಯ ಅಂಚಿನಲ್ಲಿ ನಡೆಯೋಕೆ ಅಗಲವಾಗಿ ಜಾಗ ಬಿಟ್ಟಿದ್ದಾರೆ. ಅದೇ ಪ್ರದಕ್ಷಿಣೆಯ ಹಾದಿ. ಹೊರಗಡೆ ಬೆಳಕಿನಲ್ಲಿ ಸುತ್ತು ಬರಬೇಕು, ಹಾಗಾಗಿ ಗೋಡೆಯ ಹೊರಮೈಗೆ ಕತೆ ಬಂತು.

ಆ ಹಾದಿಯಲ್ಲಿ ನಿಂತು ಗೋಡೆಯ ಬುಡ ನೋಡಿದ್ರೆ ಸೀರೆಯ ಅಂಚಿನ ಹಾಗೆ ಒಂದರ ಮೇಲೊಂದು ಆರು ಪಟ್ಟಿಗಳು ಕಾಣುತ್ತೆ. ತಳದಲ್ಲಿ ಆನೆ ಸಾಲು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ. ನಾಲ್ಕನೆಯದೇ ಕತೆಯ ಪಟ್ಟಿ. ಅದರ ಮೇಲೆ ಮಕರ, ಕೊನೆಗೆ ಹಂಸ. ಬಹಳ ಜನ ಮೇಲಿರೋ ದೊಡ್ಡ ದೊಡ್ಡ ದೇವರ ವಿಗ್ರಹ ನೋಡ್ತಾ ತಲೆ ಎತ್ತಿಕೊಂಡೇ ನಡೀತಾರೆ, ಕೆಳಗಿನ ಪಟ್ಟಿ ಕಾಲ ಹತ್ತಿರ ಹಾದುಹೋಗುತ್ತೆ. ದೊಡ್ಡೋರು ಸ್ವಲ್ಪ ಬಗ್ಗಬೇಕು. ಸಣ್ಣ ಮಕ್ಕಳಿಗೆ ಮಾತ್ರ ಆ ಪಟ್ಟಿ ಹೆಚ್ಚು ಕಡಿಮೆ ಕಣ್ಣಿನ ಮಟ್ಟಕ್ಕೇ ಇರುತ್ತೆ. ಅದಕ್ಕೇ ಇರಬೇಕು, ಅಲ್ಲಿ ಬಾಲ ಇರೋ ಗೊಂಬೆಯನ್ನ ಮೊದಲು ಪತ್ತೆ ಮಾಡೋರು ಯಾವಾಗಲೂ ಮಕ್ಕಳೇ.

ಈಗ ದಿಕ್ಕಿನ ವಿಷಯ. ಬಾಗಿಲಿಗೆ ಮುಖ ಮಾಡಿ ನಿಂತು ನಿಮ್ಮ ಎಡಕ್ಕೆ ತಿರುಗಿ ಹೊರಡಬೇಕು. ಆಗ ಗುಡಿ ನಿಮ್ಮ ಬಲಗೈ ಕಡೆ ಬರುತ್ತೆ, ದೇವರು ಬಲಕ್ಕಿರಬೇಕು ಅನ್ನೋ ಪ್ರದಕ್ಷಿಣೆಯ ನಿಯಮವೂ ಅದೇ. ಮೊದಲು ಸಿಗೋದು ದಕ್ಷಿಣದ ಗೋಡೆ, ಅಲ್ಲಿ ರಾಮಾಯಣ. ತಿರುಗಿ ಹಿಂಬದಿಗೆ, ಅಂದ್ರೆ ಪಶ್ಚಿಮಕ್ಕೆ ಹೋದ್ರೆ ಕೃಷ್ಣನ ಕತೆ, ಭಾಗವತದ್ದು. ಮತ್ತೆ ತಿರುಗಿ ಉತ್ತರಕ್ಕೆ ಬಂದ್ರೆ ಮಹಾಭಾರತ. ಅಲ್ಲಿಂದ ವಾಪಸ್ ಬಾಗಿಲು. ಮೊದಲು ರಾಮ, ಆಮೇಲೆ ಕೃಷ್ಣ, ಕೃಷ್ಣನ ಕೈ ಹಿಡ್ಕೊಂಡೇ ಪಾಂಡವರು. ಅಜ್ಜಿಯರು ಹೇಳೋ ಕ್ರಮವೇ. ಒಂದು ಸುತ್ತಿನಲ್ಲಿ ತ್ರೇತಾಯುಗದಿಂದ ದ್ವಾಪರದ ಕೊನೆಗೆ ಬಂದಿರ್ತೀವಿ.

ಇಲ್ಲೇ ನಮಗೆಲ್ಲ ಒಂದು ತೊಡಕು ಬರೋದು. ಬಲಗೈ ಕಡೆ ಗೋಡೆ ಇಟ್ಕೊಂಡು ನಡೆದು, ಒಂದು ಕಡೆ ನಿಂತು ಗೋಡೆಗೆ ಮುಖ ಮಾಡಿ. ಈಗಾಗಲೇ ದಾಟಿ ಬಂದ ಕತೆ ನಿಮ್ಮ ಬಲಕ್ಕಿದೆ, ಮುಂದೆ ಬರೋ ಕತೆ ನಿಮ್ಮ ಎಡಕ್ಕಿದೆ. ಅಂದ್ರೆ ಪ್ರದಕ್ಷಿಣೆಯಲ್ಲಿ ಹೇಳೋ ಕತೆ ಬಲದಿಂದ ಎಡಕ್ಕೆ ಹರಿಯುತ್ತೆ. ನಮ್ಮ ಅಕ್ಷರ ಎಡದಿಂದ ಬಲಕ್ಕೆ. ಶಾಲೆಗೆ ಹೋದ ಕಣ್ಣು ಯಾವುದೇ ಸಾಲು ಕಂಡರೂ ಎಡಗಡೆಯಿಂದ ಶುರುಮಾಡುತ್ತೆ. ಹಾಗಾಗಿ ನಿಂತು ನೋಡಿದ ಕೂಡಲೇ ಕತೆ ಉಲ್ಟಾ ಆಗುತ್ತೆ.

ನಂಬಿಕೆ ಬರದಿದ್ರೆ ಮನೇಲೇ ಪರೀಕ್ಷೆ ಮಾಡಿ. ತುಳಸಿಕಟ್ಟೆ ಸುತ್ತ ಪ್ರದಕ್ಷಿಣೆ ಹಾಕ್ತಾ, ಹೆಜ್ಜೆಹೆಜ್ಜೆಗೂ ಒಂದೊಂದು ಚೀಟಿ ಅಂಟಿಸುತ್ತಾ ಹೋಗಿ: ಒಂದು, ಎರಡು, ಮೂರು, ನಾಲ್ಕು. ಸುತ್ತು ಮುಗಿದ ಮೇಲೆ ಎರಡರ ಎದುರಿಗೆ ನಿಂತು ನೋಡಿ. ಒಂದು ಬಲಗಡೆ ಇರುತ್ತೆ, ಮೂರು ಎಡಗಡೆ. ನಾನು ಚೀಟಿ ಅಂಟಿಸಿ ತೋರಿಸಿದ ಮೇಲೇ ನಮ್ಮನೆ ಹುಡುಗರು ಒಪ್ಪಿದ್ದು.

ಉಲ್ಟಾ ಆದ್ರೆ ಏನಾಗುತ್ತೆ ಅಂತ ಒಂದು ಪ್ರಸಂಗ ತಗೊಂಡು ನೋಡೋಣ, ಎಲ್ಲರಿಗೂ ಗೊತ್ತಿರೋ ಮಾಯಾಜಿಂಕೆಯದು. ನಡೆದು ಬರೋ ಕ್ರಮದಲ್ಲಿ ಹೀಗೆ: ಜಿಂಕೆ ಕಾಣುತ್ತೆ, ಸೀತೆ ಕೇಳ್ತಾಳೆ. ರಾಮ ಬಾಣ ಹೂಡಿಕೊಂಡು ಹಿಂದೆ ಹೋಗ್ತಾನೆ. ಸನ್ಯಾಸಿ ವೇಷದ ರಾವಣ ಬರ್ತಾನೆ. ಹೊತ್ತುಕೊಂಡು ಹೋಗ್ತಾನೆ. ದೊಡ್ಡ ಹಕ್ಕಿ ಅಡ್ಡ ಬಂದು ಹೋರಾಡುತ್ತೆ. ಇದನ್ನೇ ಎಡದಿಂದ ಓದಿ. ಮೊದಲು ಹಕ್ಕಿ ಜೊತೆ ಜಗಳ. ಆಮೇಲೆ ರಾವಣ ಸೀತೆಯನ್ನ ಎತ್ಕೊಂಡಿದ್ದಾನೆ. ಆಮೇಲೆ ಸೀತೆ ಗುಡಿಸಲ ಮುಂದೆ ನಿಂತಿದ್ದಾಳೆ, ಒಬ್ಬ ಸನ್ಯಾಸಿ ಭಿಕ್ಷೆ ಬೇಡ್ತಿದ್ದಾನೆ. ಕೊನೆಗೆ ಗಂಡ ಹೆಂಡತಿ ಕೂತು ಜಿಂಕೆ ನೋಡ್ತಿದ್ದಾರೆ. ಮಗು ಕಣ್ಣಿಗೆ ಏನು ಕಾಣುತ್ತೆ ಹೇಳಿ? ರಾವಣ ತಂದು ಬಿಟ್ಟುಹೋದ, ಎಲ್ಲ ಸರಿಹೋಯ್ತು, ಜಿಂಕೆ ಸಾಕ್ಕೊಂಡರು. ಕತೆಯ ನೋವೇ ಹೊರಟುಹೋಯ್ತು. ಒಂದು ಆಸೆಯಿಂದ ಒಂದು ಅಗಲಿಕೆ ಹುಟ್ಟಿತು ಅನ್ನೋದು ಈ ಪ್ರಸಂಗದ ಜೀವ, ಅದು ಇರೋದೇ ಯಾವುದು ಮೊದಲು ಯಾವುದು ಆಮೇಲೆ ಅನ್ನೋದರಲ್ಲಿ.

ಮೊದಲಿನೋರಿಗೆ ಈ ಗೋಜಲು ಇರಲಿಲ್ಲ, ಯಾಕಂದ್ರೆ ಅವರು ಬೇರೆ ದಿಕ್ಕಿನಲ್ಲಿ ನಡೆಯುತ್ತಲೇ ಇರಲಿಲ್ಲ. ಪೂಜೆ ನಡೆಯೋ ಗುಡಿಯಲ್ಲಿ ಕಾಲು ತಾನಾಗೇ ಸರಿಯಾದ ಕಡೆ ತಿರುಗುತ್ತೆ, ಯಾರೂ ಹೇಳಿಕೊಡಬೇಕಿಲ್ಲ. ಸೋಮನಾಥಪುರದಲ್ಲಿ ವಿಗ್ರಹಗಳು ಭಗ್ನವಾದವು, ಪೂಜೆ ನಿಂತಿತು. ಈಗ ಅದು ಪುರಾತತ್ವ ಇಲಾಖೆಯ ಸ್ಮಾರಕ, 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನೋಡಿಕೊಳ್ಳೋದು ಚೆನ್ನಾಗೇ ನಡೀತಿದೆ. ಆದ್ರೆ ಪೂಜೆ ಹೋದಾಗ ಅದರ ಜೊತೆ ನಡಿಗೆಯ ಕ್ರಮವೂ ಹೋಯ್ತು. ಸ್ಮಾರಕ ಅಂದ ಮೇಲೆ ಜನ ನೆರಳು ಇರೋ ಕಡೆ, ಫೋಟೋಗೆ ಬೆಳಕು ಇರೋ ಕಡೆ ಹೋಗ್ತಾರೆ. ಒಂದು ಸಲ ಶಾಲೆ ಪ್ರವಾಸದ ಮಕ್ಕಳ ಸಾಲೊಂದನ್ನ ಬಾಗಿಲಿಂದ ನೇರ ಬಲಕ್ಕೆ ತಿರುಗಿಸಿಕೊಂಡು ಹೋಗಿದ್ದನ್ನ ನೋಡಿದೆ. ಆ ಮಕ್ಕಳಿಗೆ ಮಹಾಭಾರತ ಮೊದಲು ಸಿಕ್ತು, ಅದೂ ಹಿಂದುಮುಂದಾಗಿ. "ತುಂಬಾ ಗೊಂಬೆ ಇದೆ ಮಿಸ್" ಅಂತ ಒಂದು ಹುಡುಗಿ ಹೇಳಿದಳು. ಇನ್ನೇನು ಹೇಳ್ತಾಳೆ ಪಾಪ.

ಇನ್ನೊಂದು ಮಾತನ್ನೂ ನಾನು ಒಪ್ಪಲ್ಲ. "ಓದು ಬರದೋರಿಗೆ ಪುರಾಣ ಕಲಿಸೋಕೆ ಅಂತ ಗೋಡೆ ಮೇಲೆ ಕೆತ್ತಿದರು" ಅಂತ ಎಲ್ಲರೂ ಹೇಳ್ತಾರಲ್ಲ, ಅದು. ಗೋಡೆ ಕತೆ ಕಲಿಸಲ್ಲ. ಗೊತ್ತಿರೋ ಕತೆಯನ್ನ ನೆನಪು ಮಾಡುತ್ತೆ, ಅಷ್ಟೇ. ಸೋಮನಾಥಪುರದ ಪಟ್ಟಿಯಲ್ಲಿ ಇವನು ರಾಮ, ಇವಳು ಸೀತೆ ಅಂತ ಹೆಸರು ಬರೆದಿಲ್ಲ. ಅದಕ್ಕಿಂತ ಐನೂರು ವರ್ಷ ಹಿಂದಿನ ಪಟ್ಟದಕಲ್ಲಿನ ಪಾಪನಾಥ ಗುಡಿಯಲ್ಲಿ ರಾಮಾಯಣದ ಗೊಂಬೆಗಳ ಹತ್ತಿರ ಹೆಸರು ಕೆತ್ತಿದ್ದಾರೆ. ಅಂದ್ರೆ ಹೆಸರು ಬರೆಯೋ ರೂಢಿ ಗೊತ್ತಿರಲಿಲ್ಲ ಅಂತಲ್ಲ. ಸೋಮನಾಥಪುರದ ಶಿಲ್ಪಿಗಳು ತಮ್ಮದೇ ಹೆಸರನ್ನ ವಿಗ್ರಹದ ಕೆಳಗೆ ಕೆತ್ತಿಕೊಂಡಿದ್ದಾರೆ, ಮಲ್ಲಿತಮ್ಮನ ಹೆಸರು ಎಷ್ಟೋ ಕಡೆ ಇದೆ. ಕತೆಯ ಜನಕ್ಕೆ ಮಾತ್ರ ಹೆಸರು ಬೇಕು ಅನ್ನಿಸಲಿಲ್ಲ. ನೋಡೋರಿಗೆ ಗೊತ್ತಿರುತ್ತೆ ಅನ್ನೋ ಭರವಸೆ ಅದು.

ಆ ಭರವಸೆ ಸುಳ್ಳಲ್ಲ ಅಂತ ನನಗೆ ತೋರಿಸಿಕೊಟ್ಟಿದ್ದು ನಮ್ಮ ದೊಡ್ಡಮ್ಮ. ಅವರು ಶಾಲೆ ಮೆಟ್ಟಿಲು ಹತ್ತಿದೋರಲ್ಲ, ಸಹಿ ಹಾಕೋದಷ್ಟೇ ಕಲಿತಿದ್ದರು. ಹರಿಕತೆ, ಗಮಕ, ಬಯಲಾಟ ಕೇಳಿ ಕೇಳಿ ಕತೆಯೆಲ್ಲ ಬಾಯಲ್ಲೇ ಇತ್ತು. ದಕ್ಷಿಣದ ಗೋಡೆ ಪಕ್ಕ ಅವರು ನಿಧಾನಕ್ಕೆ ನಡೀತಾ "ಇದು ಯಾಗದ ಪಾಯಸ... ಇಗೋ ವಿಶ್ವಾಮಿತ್ರ ಬಂದ, ಹುಡುಗರನ್ನ ಕಳಿಸು ಅಂತಾನೆ... ಬಿಲ್ಲು ಮುರೀತು" ಅಂತ ಹೇಳ್ತಾ ಹೋದರು. ನಾವು ಡಿಗ್ರಿ ಮಾಡಿದೋರು ಹಿಂದೆ ಹಿಂದೆ "ಎಲ್ಲಿ, ಎಲ್ಲಿ?" ಅಂತ ಬಗ್ಗಿ ನೋಡ್ತಿದ್ವಿ. ಅವರಿಗೆ ಎಡದಿಂದ ಓದೋ ಅಭ್ಯಾಸವೇ ಇರಲಿಲ್ಲ ನೋಡಿ, ಕಾಲು ಹೋದ ಕಡೆ ಕತೆ ಹೋಯ್ತು. ಅವತ್ತು ಗೊತ್ತಾಯ್ತು, ಕಲ್ಲು ಅರ್ಧ ಕತೆ, ಜೊತೆಯಲ್ಲಿ ನಡೆಯೋರ ಬಾಯಿ ಇನ್ನರ್ಧ. ನನಗೆ ಇರೋ ಚಿಂತೆಯೂ ಅಲ್ಲೇ. ಕಲ್ಲನ್ನ ಇಲಾಖೆಯೋರು ಕಾಪಾಡ್ತಾರೆ. ಬಾಯಿಮಾತಿನ ಅರ್ಧ ನಮ್ಮ ಪಾಲಿಗಿದೆ, ಅದಕ್ಕೆ ಕಾವಲುಗಾರರಿಲ್ಲ.

ದೊಡ್ಡಮ್ಮನಂಥೋರು ಗುರುತು ಹಿಡಿಯೋದು ಹೇಗೆ ಅಂದ್ರೆ, ಮುಖ ನೋಡಿ ಅಲ್ಲ. ಗೇಣುದ್ದದ ಗೊಂಬೆಗಳಲ್ಲಿ ಮುಖ ಎಲ್ಲ ಒಂದೇ ಥರ, ಎಷ್ಟೋ ಸವೆದೂ ಹೋಗಿದೆ. ಕೈಯಲ್ಲಿ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಬೇಕು. ಬಿಲ್ಲು ಹಿಡಿದ ಇಬ್ಬರು ಹಿಂದೆಮುಂದೆ ನಿಂತಿದ್ರೆ ರಾಮ ಲಕ್ಷ್ಮಣ. ಗಡ್ಡ ಜಟೆ ಇದ್ರೆ ಋಷಿ. ತಲೆಗಳ ಸಾಲು ಇದ್ರೆ ರಾವಣ. ಬಾಲ ಇರೋರು ಬಂಡೆ ಹೊತ್ತಿದ್ರೆ ಸೇತುವೆ ಕಟ್ಟೋ ಹೊತ್ತು. ಹಾವಿನ ಹೆಡೆ ಮೇಲೆ ಕುಣಿಯೋ ಹುಡುಗ, ಬೆಟ್ಟ ಎತ್ತಿದ ಹುಡುಗ, ಇವರನ್ನ ಹೇಳೋದೇ ಬೇಡ. ಬಾಣಗಳ ಮೇಲೆ ಮಲಗಿದೋರು ಭೀಷ್ಮ.

ಮಕ್ಕಳು ಕೇಳೋ ಒಂದು ಪ್ರಶ್ನೆಗೂ ಉತ್ತರ ಗೊತ್ತಿರಬೇಕು: "ಯಾಕೆ ಇಷ್ಟೊಂದು ರಾಮ ಇದ್ದಾನೆ?" ಪಟ್ಟಿಯಲ್ಲಿ ಒಂದೊಂದು ಸಂದರ್ಭಕ್ಕೂ ಚೌಕಟ್ಟು ಹಾಕಿ ಬೇರೆ ಮಾಡಿಲ್ಲ. ಒಂದೇ ಉದ್ದದ ಸಾಲು, ಅದರಲ್ಲಿ ಅದೇ ಮನುಷ್ಯ ಮತ್ತೆ ಮತ್ತೆ ಬರ್ತಾನೆ. ರಾಮ ಎರಡನೇ ಸಲ ಕಂಡ ಅಂದ್ರೆ ಕತೆ ಒಂದು ಹೆಜ್ಜೆ ಮುಂದೆ ಹೋಯ್ತು ಅಂತ ಲೆಕ್ಕ. ಎಷ್ಟೋ ಕಡೆ ನಡುವೆ ಒಂದು ಮರವೋ, ಕಂಬವೋ, ಬೆನ್ನು ತಿರುಗಿಸಿ ನಿಂತ ಗೊಂಬೆಯೋ ಇರುತ್ತೆ, ಅದೇ ಗೆರೆ. ಗರ್ಭಗುಡಿಗಳ ಹೊರಗೋಡೆ ನಕ್ಷತ್ರದ ಹಾಗೆ ಹದಿನಾರು ಮೂಲೆಗೆ ಚಾಚಿರೋದರಿಂದ ಗೋಡೆ ಒಳಗೆ ಹೊರಗೆ ಮಡಚಿಕೊಂಡು ಹೋಗುತ್ತೆ. ಒಂದು ಮೂಲೆ ತಿರುಗೋ ತನಕ ಆಚೆಯ ಸಂದರ್ಭ ಪೂರ್ತಿ ಕಾಣಲ್ಲ. ಕತೆ ಹೇಳೋರಿಗೆ ಇದಕ್ಕಿಂತ ಅನುಕೂಲ ಬೇಕಾ? ಮೂಲೆಗೆ ಬಂದಾಗ "ಆಮೇಲೆ ಏನಾಯ್ತು ಗೊತ್ತಾ?" ಅಂತ ನಿಲ್ಲಿಸಿ, ಮಗು ಓಡಿ ಹೋಗಿ ನೋಡುತ್ತೆ.

ಎಲ್ಲ ಗುಡಿಯೂ ಒಂದೇ ಥರ ಅಂತ ಮಾತ್ರ ತಿಳ್ಕೋಬೇಡಿ. ಹಂಪಿಯ ಹಜಾರರಾಮ ದೇವಸ್ಥಾನ ಹದಿನೈದನೇ ಶತಮಾನದ ಶುರುವಿನದು, ಅಲ್ಲಿ ರಾಮಾಯಣ ಮಂಟಪದ ಗೋಡೆಯಲ್ಲಿ ಮೂರು ಸಾಲಾಗಿದೆ, ಒಂದೊಂದು ಸಂದರ್ಭಕ್ಕೂ ಚೌಕಟ್ಟಿದೆ. ನಿಂತ ಕಡೆಯೇ ಕೆಳಗಿಂದ ಮೇಲಕ್ಕೆ ಮೂರೂ ನೋಡಿದ್ರೆ ಬಾಲಕಾಂಡದಿಂದ ನೇರ ಯುದ್ಧಕ್ಕೆ ಹಾರಿದ ಹಾಗಾಗುತ್ತೆ. ಕೆಳಗಿನ ಸಾಲಿಗೆ ಒಂದು ಸುತ್ತು, ನಡುವಿನದಕ್ಕೆ ಇನ್ನೊಂದು, ಮೇಲಿನದಕ್ಕೆ ಮೂರನೇದು, ಹೀಗೆ ಮೂರು ಪ್ರದಕ್ಷಿಣೆಗೆ ರಾಮಾಯಣ ಮುಗಿಯುತ್ತೆ. ಹನುಮಂತ ಬಾಲ ಸುತ್ತಿ ಅದರ ಮೇಲೆ ರಾವಣನ ಎದುರು ಕೂತಿರೋದು ಅಲ್ಲಿದೆ, ಹುಡುಕಿ.

ತರೀಕೆರೆ ಹತ್ತಿರದ ಅಮೃತಾಪುರ ಇನ್ನೊಂದು ಥರ. 1196ರ ಗುಡಿ, ಈಗಲೂ ಪೂಜೆ ಇದೆ. ಅಲ್ಲಿ ಕತೆ ಇರೋದು ಮುಂದಿನ ತೆರೆದ ಮಂಟಪದ ಗಿಡ್ಡಗೋಡೆಯ ಹೊರಮೈಯಲ್ಲಿ, ಒಟ್ಟು 140 ಫಲಕ. ಉತ್ತರದ ಕಡೆ 25 ಕೃಷ್ಣನದು, 45 ಮಹಾಭಾರತ, ಅವು ಪ್ರದಕ್ಷಿಣೆಯ ದಿಕ್ಕಿಗೇ ಸಾಗುತ್ತೆ. ದಕ್ಷಿಣದ 70 ಫಲಕದ ರಾಮಾಯಣ ಮಾತ್ರ ಅದಕ್ಕೆ ವಿರುದ್ಧ, ಅಪ್ರದಕ್ಷಿಣವಾಗಿ. ಹೊಯ್ಸಳರಲ್ಲಿ ಇದು ಅಪರೂಪ. ಬಲಗೈಗೆ ಗುಡಿ ಇಟ್ಕೊಂಡು ಹೋದ್ರೆ ಅಲ್ಲಿ ರಾಮಾಯಣ ಕೊನೆಯಿಂದ ಸಿಗುತ್ತೆ. ನಿಂತು ಓದೋ ಈಗಿನ ಕಣ್ಣಿಗೆ ಅದೊಂದೇ ಗೋಡೆ ಸಲೀಸು. ಇನ್ನು ಹಳೇಬೀಡಿನಲ್ಲಿ ಕತೆಗಳು ಬೆರೆತುಕೊಂಡು ತುಂಡುತುಂಡಾಗಿ ಬರುತ್ತೆ, ಅಲ್ಲಿ ಪೂರ್ತಿ ಕತೆ ಹುಡುಕೋಕೆ ಹೋಗದೆ ಒಂದೊಂದು ಸಂದರ್ಭ ಗುರುತಿಸಿದ್ರೆ ಸಾಕು.

ಗೊತ್ತಿಲ್ಲದ ಗುಡಿಗೆ ಹೋದಾಗ ದಿಕ್ಕು ಕಂಡುಹಿಡಿಯೋಕೆ ಸುಲಭದ ಉಪಾಯ ಇದೆ. ಸಾಲಿನಲ್ಲಿ ಖಚಿತವಾಗಿ ಗೊತ್ತಾಗೋ ಎರಡು ಸಂದರ್ಭ ಹುಡುಕಿ, ಒಂದು ಕತೆಯ ಮೊದಲಿಂದು, ಒಂದು ಕೊನೇದು. ರಾಮಾಯಣಕ್ಕೆ ಬಿಲ್ಲು ಮುರಿಯೋದು ಮತ್ತು ಸೇತುವೆ. ಕೃಷ್ಣನಿಗೆ ಪೂತನಿ ಮತ್ತು ಕಂಸ. ಮಹಾಭಾರತಕ್ಕೆ ಪಗಡೆ ಆಟ ಮತ್ತು ಭೀಷ್ಮರ ಶರಶಯ್ಯೆ. ಮೊದಲಿಂದು ಯಾವ ಕಡೆ ಇದೆಯೋ ಅಲ್ಲಿಂದ ನಡೆಯೋಕೆ ಶುರುಮಾಡಿ. ಅನ್ನ ಬೆಂದಿದೆಯಾ ಅಂತ ಎರಡು ಅಗುಳು ನೋಡಿದ ಹಾಗೆ, ಎರಡು ಸಂದರ್ಭ ಸಾಕು ಗೋಡೆಯ ದಿಕ್ಕು ತಿಳಿಯೋಕೆ.

ಬೆಳಕು ಓರೆಯಾಗಿ ಬೀಳೋ ಬೆಳಗಿನ ಹೊತ್ತಿಗೆ ಹೋಗಿ. ಉಬ್ಬಿನ ಪಕ್ಕಕ್ಕೆ ನೆರಳು ಬಿದ್ದಾಗಲೇ ಗೊಂಬೆ ಎದ್ದು ಕಾಣೋದು, ನೆತ್ತಿಯ ಬಿಸಿಲಿಗೆ ಎಲ್ಲ ಚಪ್ಪಟೆ. ಚಪ್ಪಲಿ ಬಿಟ್ಟು ನಡೆಯೋದರಿಂದ ಮಧ್ಯಾಹ್ನ ಕಾಲೂ ಸುಡುತ್ತೆ. ಬೆರಳಿಟ್ಟು ತೋರಿಸಬೇಡಿ, ದೂರದಿಂದ ತೋರಿಸಿ. ಬಳಪದ ಕಲ್ಲು ಅದು, ಅಷ್ಟು ಸೂಕ್ಷ್ಮ ಕೆತ್ತನೆ ಬಂದಿದ್ದು ಮೆದು ಆಗಿದ್ದರಿಂದಲೇ.

ಇನ್ನೊಂದು ಮಾತು. ಮೂರು ಕತೆಯನ್ನೂ ಒಂದೇ ದಿನ ಮಕ್ಕಳಿಗೆ ಹೇಳೋಕೆ ಹೋಗಬೇಡಿ, ಪಶ್ಚಿಮಕ್ಕೆ ಬರೋ ಹೊತ್ತಿಗೆ ಐಸ್‌ಕ್ರೀಂ ಕೇಳೋಕೆ ಶುರುಮಾಡ್ತಾರೆ. ಪ್ರದಕ್ಷಿಣೆ ಪೂರ್ತಿ ಹಾಕಿ, ಕತೆ ಮಾತ್ರ ಒಂದು ಗೋಡೆಯದು ಹೇಳಿ. ಈ ಸಲ ದಕ್ಷಿಣ, ಮುಂದಿನ ಸಲ ಪಶ್ಚಿಮ. ಉತ್ತರದ ಗೋಡೆ ಬೇಸಿಗೆ ರಜೆಗೆ ಇಟ್ಕೊಳ್ಳಿ, ಅದು ಉದ್ದದ ಕತೆ, ಹೇಳೋರಿಗೂ ಸ್ವಲ್ಪ ತಯಾರಿ ಬೇಕು. ಹೊರಡೋ ಹಿಂದಿನ ರಾತ್ರಿ ಊಟ ಹಾಕುವಾಗ ಕತೆಯನ್ನ ಒಂದು ಸಲ ಬಾಯಲ್ಲಿ ಹೇಳಿಬಿಡಿ. ಕಿವಿಗೆ ಬಿದ್ದ ಕತೆಯನ್ನ ಮಾರನೇ ದಿನ ಮಕ್ಕಳು ಕಲ್ಲಿನಲ್ಲಿ ತಾವೇ ಹುಡುಕ್ತಾರೆ, ನೀವು ಸುಮ್ಮನೆ ಬಲಗೈಗೆ ಗುಡಿ ಬರೋ ಹಾಗೆ ನಡೆಸಿಕೊಂಡು ಹೋದ್ರೆ ಆಯ್ತು.